ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ

ನಮಸ್ಕಾರ ಕೇಳುಗರೇ. ಇವತ್ತು ನಾನು ಹೇಳುವುದು ಒಂದೇ ಮಾತು. ಫೋನಿನಿಂದ ಆಪ್ ಅಳಿಸಿದರೆ ಅದರ ಚಂದಾ ನಿಲ್ಲುವುದಿಲ್ಲ.

ಬಾಗಲಕೋಟೆಯಲ್ಲಿ ನಮ್ಮ ಕಾಕಾ ಸೀರೆ ಅಂಗಡಿ ಇಟ್ಟಿದ್ದಾರೆ. ಸೀರೆಗಳ ಫೋಟೋ ಚೆಂದ ಮಾಡಲು ಒಂದು ಆಪ್ ಹಾಕಿಕೊಂಡರು. ಏಳು ದಿನ ಪುಕ್ಕಟೆ, ಆಮೇಲೆ ತಿಂಗಳಿಗೆ 299 ರೂಪಾಯಿ. ಪುಕ್ಕಟೆ ಅಂದರೂ ಮೊದಲೇ ಯುಪಿಐ ಪಿನ್ ಕೇಳಿತು, ಕಾಕಾ ಒತ್ತಿಬಿಟ್ಟರು. ಆ ಪಿನ್ ಒತ್ತಿದ್ದೇ ಪ್ರತಿ ತಿಂಗಳು ಹಣ ಕಡಿಯಲು ಕೊಟ್ಟ ಒಪ್ಪಿಗೆ. ಐದನೇ ದಿನ ಆಪ್ ಬೇಡವೆನಿಸಿ ಅಳಿಸಿದರು. ಮೂರನೇ ತಿಂಗಳು ನನ್ನ ಹತ್ತಿರ ಬಂದರು. "ತಮ್ಮಾ, ಆಪ್ ತಗದೀನಲ್ಲೋ, ಮತ್ತ ರೊಕ್ಕ ಯಾಕ ಹೊಂಟಾವು?" ಅಂತ ಕೇಳಿದರು. ಆಗಲೇ 897 ರೂಪಾಯಿ ಹೋಗಿತ್ತು.

ಚಂದಾ ಇರುವುದು ಫೋನಿನಲ್ಲಿ ಅಲ್ಲ, ನಿಮ್ಮ ಗೂಗಲ್ ಖಾತೆಯಲ್ಲಿ. ಪ್ಲೇ ಸ್ಟೋರ್ ತೆರೆದು, ಮೇಲೆ ಬಲಗಡೆ ಇರುವ ನಿಮ್ಮ ಚಿತ್ರ ಒತ್ತಿ. `Payments & subscriptions` ಒಳಗೆ `Subscriptions` ಇದೆ. ಅಲ್ಲಿ ಆ ಆಪ್ ಆರಿಸಿ `Cancel subscription` ಒತ್ತಬೇಕು. ಕಾಕಾ ಅವರ ಫೋನಿನಲ್ಲಿ ಹೀಗೆ ಮಾಡಿದ ಮೇಲೆಯೇ ಅದು ನಿಂತಿತು. ಹಣ ಕಡಿಯುವ 24 ಗಂಟೆ ಮುಂಚೆ ಮೆಸೇಜ್ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕಾಕಾಗೂ ಮೂರು ಸಲ ಬಂದಿತ್ತು. ಜಾಹೀರಾತು ಇರಬೇಕು ಅಂತ ಅವರು ಓದಲೇ ಇಲ್ಲ. ದಯವಿಟ್ಟು ಆ ಮೆಸೇಜ್ ಓದಿ!

ಆ 299ರಲ್ಲಿ ಸುಮಾರು 46 ರೂಪಾಯಿ ಜಿಎಸ್‌ಟಿ. ಉಳಿದ 253ರಲ್ಲಿ ಪ್ಲೇ ಸ್ಟೋರ್ ಕಮಿಷನ್ ಹಿಡಿಯುತ್ತದೆ. ಚಂದಾಗಳಿಗೆ ಅದನ್ನು 2022ರಲ್ಲಿ 15 ಪರ್ಸೆಂಟಿಗೆ ಇಳಿಸಿದರು. ಆ ಲೆಕ್ಕದಲ್ಲಿ ಸ್ಟೋರಿಗೆ 38, ಆಪ್ ಮಾಡಿದವರಿಗೆ 215. ನಮ್ಮ ಎಪಿಎಂಸಿಯ ಅಡತಿ ಅಂಗಡಿ ಇದ್ದಂತೆ, ಅಲ್ವಾ? ಮಾಲು ಇಡಲು ಜಾಗ, ಗಿರಾಕಿ, ಹಣ ವಸೂಲಿ ಎಲ್ಲ ಅವರದೇ. ಅದಕ್ಕೇ ಕಮಿಷನ್.

ಹಣ ತೆಗೆದುಕೊಂಡದ್ದು ಸ್ಟೋರ್. ಹಾಗಾಗಿ ವಾಪಸ್ ಕೇಳುವುದೂ ಮೊದಲು ಅಲ್ಲಿಯೇ. ಸುಮ್ನೆ ಬ್ಯಾಂಕಿಗೆ ಅಲೆಯಬೇಡಿ. ಹಣ ಕಡಿದು 48 ಗಂಟೆ ಆಗಿರದಿದ್ದರೆ ಗೂಗಲ್‌ಗೇ ಅರ್ಜಿ ಹಾಕಬಹುದು. ಅದು ದಾಟಿದರೆ ಆಪ್ ಮಾಡಿದವರನ್ನು ಕೇಳಬೇಕು, ಕೊಡುವುದು ಬಿಡುವುದು ಅವರ ನಿಯಮದಂತೆ. ಐಫೋನ್ ಇದ್ದವರು `reportaproblem.apple.com` ನಲ್ಲಿ ಕೇಳಬೇಕು, ಅಲ್ಲಿ ತೀರ್ಮಾನ ಆಪಲ್‌ನದೇ. ರದ್ದು ಮಾಡುವುದು ಬೇರೆ, ಹಣ ವಾಪಸ್ ಕೇಳುವುದು ಬೇರೆ. ರದ್ದು ಮಾಡಿದರೆ ಮುಂದಿನ ಕಂತು ನಿಲ್ಲುತ್ತದೆ, ಕೊಟ್ಟ ಹಣ ತಾನಾಗಿ ಬರುವುದಿಲ್ಲ.

ಕಾಕಾ ಬಂದದ್ದು ಮೂರನೇ ಕಂತು ಹೋದ ಮರುದಿನ. ಆ 299 ವಾಪಸ್ ಬಂತು. ಹಳೆಯ ಎರಡು ಕಂತಿಗೆ ಆಪ್‌ನವರಿಗೆ ಮೇಲ್ ಬರೆದೆವು, ಅವರು ಕೊಡಲಿಲ್ಲ. ನೀವೂ ಇವತ್ತು ರಾತ್ರಿ ಊಟವಾದ ಮೇಲೆ ಆ `Subscriptions` ಪಟ್ಟಿ ಒಮ್ಮೆ ತೆರೆದು ನೋಡಿ. ನಮಸ್ಕಾರ.