ಹದಿಮೂರಕ್ಕೆ ಕೊಡ್ತೀರಾ?

ಕೇಳುಗರಿಗೆ ನಮಸ್ಕಾರ. ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಹಳೆ ಲ್ಯಾಪ್‌ಟಾಪ್ ಮಾರಲು ಹೊರಟವರು ಅಂಗಡಿಗೆ ಬಂದು ಮೊಬೈಲ್ ನನ್ನ ಮುಂದೆ ಹಿಡಿಯುತ್ತಾರೆ. "ಇವರಿಗೆ ಏನಂತ ಬರೆಯುವುದು ಮಾರಾಯ್ರೆ?" ನೋಡಿದರೆ, ಅರ್ಧ ಬೆಲೆಗೆ ಕೇಳಿದ ಮೆಸೇಜು. ಇವತ್ತು ಅದಕ್ಕೆ ಉತ್ತರ ಬರೆಯುವುದನ್ನು ಮಾತ್ರ ಹೇಳುತ್ತೇನೆ. ಬೆಲೆ ಹೇಳಿ, ಲ್ಯಾಪ್‌ಟಾಪ್ ತೋರಿಸಿ, ಕಥೆ ಹೇಳಬೇಡಿ. ಅಷ್ಟೇ.

ನನ್ನ ತಂಗಿಯ ಮಗಳು ನೀರ್ಚಾಲಿನಲ್ಲಿದ್ದಾಳೆ. ಮೂರೂವರೆ ವರ್ಷ ಹಳೆಯ ಲ್ಯಾಪ್‌ಟಾಪ್ ಮಾರಬೇಕಿತ್ತು. ಅದೇ ಮಾದರಿಯವು ಎಷ್ಟಕ್ಕೆ ಹೋಗುತ್ತಿವೆ ಅಂತ ನೋಡಿ 22,000 ಅಂತ ಹಾಕಿದ್ದೆವು. ಮರುದಿನ ಉಪ್ಪಳದ ಒಬ್ಬರ ಮೆಸೇಜು ಬಂತು: "13ಕ್ಕೆ ಕೊಡ್ತೀರಾ? ಇವತ್ತೇ ಕ್ಯಾಶ್."

ಇವಳಿಗೆ ಸಿಟ್ಟು ಬಂತು. "ಅಷ್ಟಕ್ಕೆ ಚಾರ್ಜರ್ ಮಾತ್ರ ಸಿಗ್ತದೆ" ಅಂತ ಬರೆದಳು. ಕಳಿಸುವ ಮೊದಲು ನನಗೆ ತೋರಿಸಿದ್ದು ಪುಣ್ಯ. ಅಳಿಸು ಅಂದೆ. ಎರಡನೇ ಸಲ ಉದ್ದಕ್ಕೆ ಬರೆದಳು: ಅಪ್ಪ ಕಷ್ಟಪಟ್ಟು ತೆಗೆದುಕೊಟ್ಟದ್ದು, ಮುಂದಿನ ತಿಂಗಳು ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕು, ಅದಕ್ಕೆ ಮಾರುವುದು. ಇದು ಮೊದಲನೆಯದಕ್ಕಿಂತ ಕಷ್ಟ! ಅಂಗಳಕ್ಕೆ ಬಂದ ಅಡಿಕೆ ವ್ಯಾಪಾರಿಗೆ ನಾವು ಬ್ಯಾಂಕಿನ ಕಂತು ಯಾವತ್ತು ಅಂತ ಹೇಳುತ್ತೇವಾ? ಹೇಳಿದರೆ ಆ ದಿನದವರೆಗೆ ಅವರು ಕಾಯುತ್ತಾರೆ. ಗೋಣಿ ಬಿಚ್ಚಿ ಅಡಿಕೆ ತೋರಿಸುತ್ತೇವೆ, ಅಲ್ವಾ?

ಲ್ಯಾಪ್‌ಟಾಪಿನ ಗೋಣಿ ಬಿಚ್ಚುವುದು ಹೀಗೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಬರೆಯಿರಿ. ಪೆನ್ನು ತೆಗೆದುಕೊಳ್ಳಿ, ನಿಧಾನ ಹೇಳುತ್ತೇನೆ:

```
powercfg /batteryreport
```

ಒಂದು ಫೈಲ್ ಆಗುತ್ತದೆ, ಎಲ್ಲಿದೆ ಅಂತ ಅಲ್ಲೇ ತೋರಿಸುತ್ತದೆ. ಅದರಲ್ಲಿ `DESIGN CAPACITY` ಅಂದರೆ ಹೊಸತಿರುವಾಗ ಬ್ಯಾಟರಿ ಎಷ್ಟು ಹಿಡಿಯಬೇಕಿತ್ತು ಅಂತ. `FULL CHARGE CAPACITY` ಅಂದರೆ ಈಗ ಎಷ್ಟು ಹಿಡಿಯುತ್ತದೆ ಅಂತ. ಇವಳದ್ದರಲ್ಲಿ 42,000 ಇದ್ದದ್ದು 35,700ಕ್ಕೆ ಇಳಿದಿತ್ತು. ನೂರಕ್ಕೆ 85. ಮೂರೂವರೆ ವರ್ಷಕ್ಕೆ ಒಳ್ಳೆಯದೇ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ನಾವೇ ಮೊದಲು ಬೆಲೆಯಲ್ಲಿ ಕಳೆಯಬೇಕಿತ್ತು.

ಆಮೇಲೆ ಕಳಿಸಿದ ಮೆಸೇಜು ಇದು:

"ನಮಸ್ಕಾರ ಅಣ್ಣ. ಕೇಳಿದ್ದಕ್ಕೆ ಥ್ಯಾಂಕ್ಸ್. 13,000ಕ್ಕೆ ಕೊಡಲಿಕ್ಕೆ ಆಗುವುದಿಲ್ಲ, ಬೆಲೆ 22,000. ಬ್ಯಾಟರಿ ರಿಪೋರ್ಟಿನ ಫೋಟೋ ಹಾಕಿದ್ದೇನೆ. ಆದಿತ್ಯವಾರದವರೆಗೆ ಯಾವಾಗ ಬೇಕಾದರೂ ಬಂದು ಒಂದು ಗಂಟೆ ಓಡಿಸಿ ನೋಡಬಹುದು."

ಇದರಲ್ಲಿ "ಸ್ವಲ್ಪ ಹೆಚ್ಚು ಹೇಳಿ", "ನೋಡುವ" ಅಂತ ಇಲ್ಲ. "ನೋಡುವ" ಅಂದರೆ ಅವರಿಗೆ 15 ಅಂತ ಕೇಳಿಸುತ್ತದೆ. ಅಷ್ಟಾದರೂ 15 ಬಂತು, ಆಮೇಲೆ 16. ಎರಡಕ್ಕೂ ಇವಳದ್ದು ಒಂದೇ ಉತ್ತರ: "ಬೆಲೆ 22,000 ಅಣ್ಣ. ನೋಡಲಿಕ್ಕೆ ಬನ್ನಿ." ಎರಡು ದಿನ ಸುದ್ದಿ ಇಲ್ಲ. ಇವಳು ಚಡಪಡಿಸಿದಳು, "ಮಾವ, ನಾನೇ 19 ಅಂತ ಬರೆಯಲಾ?" ಬೇಡ ಅಂದೆ. ಸುಮ್ಮನಿದ್ದವರಿಗೆ ನಾವಾಗಿ ಇಳಿಸಿ ಹೇಳಿದರೆ ಆ 19ರಿಂದ ಮತ್ತೆ ಚೌಕಾಸಿ ಶುರು.

ಶನಿವಾರ ಸಂಜೆ ಅವರೇ ಬಂದರು. ಕೀಗಳನ್ನೆಲ್ಲ ಒತ್ತಿದರು, ವಿಡಿಯೋ ಹಾಕಿದರು, ಮುಚ್ಚಿ ತೆರೆದರು. ಬಲಗಡೆಯ ಹಿಂಜ್ ಸಡಿಲ ಇತ್ತು. ನಾವು ನೋಡಿರಲಿಲ್ಲ, ನನಗೇ ನಾಚಿಕೆ ಆಯಿತು. ಅದಕ್ಕೆ 500 ಕಡಿಮೆ ಮಾಡಿದೆವು, 21,500ಕ್ಕೆ ಹೋಯಿತು. ಯಂತ್ರದಲ್ಲಿ ಕೊರತೆ ಸಿಕ್ಕಿದರೆ ಬೆಲೆ ಇಳಿಯಲಿ. ಫೋನಿನಲ್ಲಿ ಬರೀ ನಂಬರ್ ಹಾಕಿದ್ದಕ್ಕೆ ಯಾಕೆ ಇಳಿಯಬೇಕು?

ಸಮಯ ಆಯಿತು ಅಂತ ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಬಂದವರೆಲ್ಲ ಕಡಿಮೆಗೇ ಕೇಳಿದರೆ ನಿಮ್ಮ ಬೆಲೆಯನ್ನೇ ಮತ್ತೊಮ್ಮೆ ನೋಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೇ ಜನರೇಶನ್‌ಗಿಂತ ಹಳೆಯದಕ್ಕೆ ವಿಂಡೋಸ್ 11 ಸರಿಯಾದ ದಾರಿಯಲ್ಲಿ ಹೋಗುವುದಿಲ್ಲ. ಅಂಥದ್ದಕ್ಕೆ ಕಡಿಮೆ ಕೇಳಿದವರ ಮೇಲೆ ಸಿಟ್ಟಾಗಬೇಡಿ, ಅವರು ಹೇಳುವುದರಲ್ಲಿ ಅರ್ಥ ಇದೆ. ಮತ್ತೆ, ಕೊಡುವ ಮೊದಲು ನಿಮ್ಮ ಫೈಲುಗಳನ್ನು ಬೇರೆ ಕಡೆ ಇಟ್ಟುಕೊಂಡು `Reset this PC`, ಅದರಲ್ಲಿ `Remove everything`. ಹಣ ಹಾಕಿದೆ ಅಂತ ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು. ನಿಮ್ಮ ಖಾತೆ ತೆರೆದು ನೋಡಿ, ಆಮೇಲೆ ಚಾರ್ಜರ್ ಕೈಗೆ ಕೊಡಿ. ನಮಸ್ಕಾರ.