ಹಳದಿಯನ್ನು ಚೆಲ್ಲುವ ಮುನ್ನ: ಮೈಕಟ್ಟಿಗೆ ದಿನಕ್ಕೆ ಎಷ್ಟು ಮೊಟ್ಟೆ?

ಶಿವಮೊಗ್ಗದ ವಿನೋಬನಗರವಿರಲಿ, ತೀರ್ಥಹಳ್ಳಿಯಿರಲಿ, ಜಿಮ್‌ಗೆ ಹೋಗುವ ಹುಡುಗರ ಮನೆಗಳಲ್ಲಿ ಅಮ್ಮಂದಿರಿಗೆ ಸಂಕಟ ತರುವ ದೃಶ್ಯವೊಂದಿದೆ. ಮಗ ಹತ್ತು ಮೊಟ್ಟೆ ಬೇಯಿಸಿ, ಬಿಳಿ ಭಾಗವನ್ನಷ್ಟೇ ತಿಂದು, ಹತ್ತೂ ಹಳದಿಯನ್ನು ತಟ್ಟೆಯಲ್ಲೇ ಬಿಡುತ್ತಾನೆ. ಈ ವಿಷಯದಲ್ಲಿ ನಾನು ಅಮ್ಮಂದಿರ ಪರ. ಆರೋಗ್ಯವಂತ ಯುವಕನೊಬ್ಬ ದಿನಕ್ಕೆ ಮೂರು ಇಡೀ ಮೊಟ್ಟೆ ತಿನ್ನಬಹುದು; ಅದರ ಮೇಲೆ ಇನ್ನೂ ಪ್ರೋಟೀನ್ ಬೇಕೆನಿಸಿದಾಗ ಮಾತ್ರ ಬಿಳಿ ಭಾಗವನ್ನು ಸೇರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಸಾಧಾರಣ ಗಾತ್ರದ ಒಂದು ಫಾರಂ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಬಿಳಿಯ ಪಾಲು ಮೂರೂವರೆ ಗ್ರಾಂ. ಉಳಿದ ಎರಡೂವರೆ ಗ್ರಾಂಗೂ ಹೆಚ್ಚು ಹಳದಿಯಲ್ಲೇ ಇದೆ. ಹಳದಿಯಲ್ಲಿ ಬರೀ ಕೊಬ್ಬಿದೆ ಎಂದು ನಂಬಿರುವವರು ಈ ಲೆಕ್ಕವನ್ನು ಗಮನಿಸಬೇಕು. ಐದು ಗ್ರಾಂನಷ್ಟು ಕೊಬ್ಬು ಅಲ್ಲಿರುವುದು ನಿಜ, ಆದರೆ ವಿಟಮಿನ್ ಎ, ವಿಟಮಿನ್ ಡಿ ಮತ್ತು ಕೋಲಿನ್ ಎಂಬ ಪೋಷಕಾಂಶ ಇರುವುದೂ ಅಲ್ಲಿಯೇ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಭಾರ ಎತ್ತುವ ಅಭ್ಯಾಸವಿದ್ದ ಹತ್ತು ಯುವಕರಿಗೆ ವ್ಯಾಯಾಮದ ನಂತರ ಒಮ್ಮೆ ಇಡೀ ಮೊಟ್ಟೆಯಿಂದ, ಇನ್ನೊಮ್ಮೆ ಬಿಳಿಯಿಂದ, ಎರಡೂ ಸಲ 18 ಗ್ರಾಂ ಪ್ರೋಟೀನ್ ಸಿಗುವಂತೆ ಕೊಟ್ಟು ನೋಡಿದಾಗ, ಇಡೀ ಮೊಟ್ಟೆ ತಿಂದ ದಿನವೇ ಸ್ನಾಯುಗಳಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಹೆಚ್ಚು ಚುರುಕಾಗಿತ್ತು. ಆದರೆ ಅಳೆದದ್ದು ವ್ಯಾಯಾಮದ ನಂತರದ ಕೆಲವೇ ಗಂಟೆಗಳನ್ನು. 2021ರಲ್ಲಿ ಪ್ರಕಟವಾದ, 12 ವಾರ ನಡೆದ ಇನ್ನೊಂದು ಅಧ್ಯಯನದಲ್ಲಿ ಮೂರು ಇಡೀ ಮೊಟ್ಟೆ ತಿಂದವರಿಗೂ ಆರು ಬಿಳಿ ತಿಂದವರಿಗೂ ಸ್ನಾಯುವಿನ ಬೆಳವಣಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಲದ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಮೊದಲಿನವರು ಮುಂದಿದ್ದರು. ಆದ್ದರಿಂದ ಹಳದಿ ತಿಂದರೆ ತೋಳು ಬೇಗ ದಪ್ಪವಾಗುತ್ತದೆ ಎಂದು ನಾನು ಹೇಳಲಾರೆ. ಮೂರು ಮೊಟ್ಟೆಯಲ್ಲಿ ಆಗುವ ಕೆಲಸಕ್ಕೆ ಆರು ಮೊಟ್ಟೆ ಒಡೆದು ಅರ್ಧವನ್ನು ಚೆಲ್ಲುವುದರಿಂದ ಏನೂ ಹೆಚ್ಚು ದಕ್ಕುವುದಿಲ್ಲ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಈಗ 65 ಕೆಜಿ ತೂಕದ ಒಬ್ಬ ಯುವಕನ ದಿನವನ್ನು ಲೆಕ್ಕ ಹಾಕೋಣ. ನಿಯಮಿತವಾಗಿ ಭಾರ ಎತ್ತುವವರಿಗೆ ದೇಹತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕಾಗುತ್ತದೆ, ಅಂದರೆ ಇವನಿಗೆ 104 ಗ್ರಾಂ. ಕಡುಬು, ಅಕ್ಕಿ ರೊಟ್ಟಿ, ಅನ್ನ ಎಲ್ಲ ಸೇರಿ ದಿನಕ್ಕೆ 300 ಗ್ರಾಂ ಅಕ್ಕಿಯಾದರೆ ಅದರಿಂದಲೇ ಸುಮಾರು 20 ಗ್ರಾಂ ಬರುತ್ತದೆ. 50 ಗ್ರಾಂ ಹೆಸರುಕಾಳಿನ ಪಲ್ಯದಿಂದ 12, ಎರಡು ಲೋಟ ಹಾಲಿನಿಂದ 13, ಘಟ್ಟ ಹತ್ತಿ ಬರುವ ಬಂಗುಡೆಯ 150 ಗ್ರಾಂ ತಿರುಳಿನಿಂದ 27 ಗ್ರಾಂ ಸಿಕ್ಕರೆ, ಒಟ್ಟು 72 ಆಯಿತು. ಉಳಿದ 32 ಗ್ರಾಂಗೆ ಮೂರು ಇಡೀ ಮೊಟ್ಟೆ ಮತ್ತು ನಾಲ್ಕು ಬಿಳಿ ಸಾಕು. ಹತ್ತು ಮೊಟ್ಟೆಯ ಬಿಳಿಯಿಂದ ಬರುತ್ತಿದ್ದುದು 35 ಗ್ರಾಂ. ಈಗ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಏಳೇ ಮೊಟ್ಟೆಯಲ್ಲಿ ದೊರೆಯುತ್ತದೆ. ಮಿಕ್ಕ ನಾಲ್ಕು ಹಳದಿಯನ್ನು ಮನೆಯವರು ಸಾರಿಗೋ ಪಲ್ಯಕ್ಕೋ ಬಳಸಬಹುದು. ಮೀನಿಲ್ಲದ ದಿನ ಕೋಳಿಮಾಂಸ ಅಥವಾ ಇನ್ನಷ್ಟು ಕಾಳು ಆ ಜಾಗ ತುಂಬಬೇಕೇ ಹೊರತು, ಇನ್ನೂ ಎಂಟು ಮೊಟ್ಟೆಯಲ್ಲ.

ನಾಟಿಕೋಳಿ ಮೊಟ್ಟೆ ಸಾಮಾನ್ಯವಾಗಿ ಗಾತ್ರದಲ್ಲಿ ಚಿಕ್ಕದು, ಆದ್ದರಿಂದ ಅದರಲ್ಲಿ ಪ್ರೋಟೀನ್ ಕಡಿಮೆಯೇ ಹೊರತು ಹೆಚ್ಚಲ್ಲ. ರುಚಿಗಾಗಿ ತಿನ್ನುವುದಾದರೆ ತಿನ್ನಿ. ಹಸಿ ಮೊಟ್ಟೆಯನ್ನು ಲೋಟಕ್ಕೆ ಒಡೆದು ಕುಡಿಯುವುದನ್ನಂತೂ ಬಿಟ್ಟೇಬಿಡಬೇಕು. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ದೇಹಕ್ಕೆ ಸೇರಿದರೆ, ಹಸಿಯಾಗಿದ್ದಾಗ ಸೇರುವುದು ಅರ್ಧದಷ್ಟೇ ಎಂದು 1998ರ ಅಧ್ಯಯನವೊಂದು ತೋರಿಸಿದೆ. ಜೊತೆಗೆ ಸಾಲ್ಮೊನೆಲ್ಲಾ ಸೋಂಕಿನ ಭಯವೂ ಇದೆ.

ಇನ್ನು ಕೊಲೆಸ್ಟ್ರಾಲ್. ಒಂದು ಹಳದಿಯಲ್ಲಿ ಸುಮಾರು 185 ಮಿಲಿಗ್ರಾಂ ಇರುತ್ತದೆ. ಹೆಚ್ಚಿನವರಲ್ಲಿ ರಕ್ತದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದು ಊಟದ ಕೊಲೆಸ್ಟ್ರಾಲ್‌ಗಿಂತ ಹೆಚ್ಚಾಗಿ ತುಪ್ಪ, ತೆಂಗಿನೆಣ್ಣೆ, ಬೇಕರಿ ತಿಂಡಿಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು. ಆದರೆ ಕೆಲವರ ದೇಹ ಹಳದಿಗೆ ಬೇಗ ಸ್ಪಂದಿಸುತ್ತದೆ, ಮತ್ತು ಅದು ಕನ್ನಡಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಮೊಟ್ಟೆ ಹೆಚ್ಚಿಸುವ ಮೊದಲೊಮ್ಮೆ, ಎರಡು ತಿಂಗಳ ನಂತರ ಮತ್ತೊಮ್ಮೆ ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಎಲ್‌ಡಿಎಲ್ ಸ್ಪಷ್ಟವಾಗಿ ಏರಿದ್ದರೆ ಹಳದಿಯನ್ನು ದಿನಕ್ಕೆ ಒಂದಕ್ಕೆ ಇಳಿಸಿ, ಉಳಿದದ್ದನ್ನು ಬಿಳಿಯಿಂದ ತುಂಬಿಕೊಂಡು ಪುನಃ ಪರೀಕ್ಷಿಸಿ ನೋಡಬೇಕು. ಸಕ್ಕರೆ ಕಾಯಿಲೆ ಇರುವವರು, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದವರ ಮನೆತನದವರು ಮೂರು ಎಂಬ ನನ್ನ ಲೆಕ್ಕವನ್ನು ಅನುಸರಿಸದೆ, ಮೊದಲು ವೈದ್ಯರನ್ನು ಕೇಳಿಯೇ ಹಳದಿಯ ಸಂಖ್ಯೆಯನ್ನು ನಿರ್ಧರಿಸಬೇಕು.