ಮಾಡಾಕತ್ತಿಯೊಳಗಿನ ಕತ್ತಿ

ಎಲ್ಲರಿಗೂ ಶರಣು. ಕೊಪ್ಪಳದಾಗ ನಿಂತು ಕೊಪ್ಪಳದ ಮಾತಿನ ಬಗ್ಗೆ ಹೇಳುವುದು ಕಷ್ಟದ ಕೆಲಸ. ಒಂದು ಸ್ವರ ತಪ್ಪಿದರೂ ಹಿಂದಿನ ಸಾಲಿನವರು ಅಲ್ಲಿಂದಲೇ ತಿದ್ದುತ್ತೀರಿ. ಅದಕ್ಕೇ ವಿಷಯವನ್ನು ಸಣ್ಣದು ಮಾಡಿಕೊಂಡು ಬಂದಿದ್ದೇನೆ. ಬ್ಯಾಸಗಿ ಸೂಟಿಗೆ ಮೈಸೂರಿನಿಂದ ಅತ್ತಿ ಮಕ್ಕಳು ಬಂದಾಗ ಅವರಿಗೂ ಇಲ್ಲಿಯ ಮಾವನ ಮಕ್ಕಳಿಗೂ ನಡೆಯುವ ಚ್ಯಾಷ್ಟಿ, ಅಷ್ಟೇ. ಅಣ್ಣ-ತಂಗಿ ವರಸೆಯವರಲ್ಲಿ ಇಲ್ಲದ ಸಲಿಗೆ ಈ ವರಸೆಯಲ್ಲಿ ಇರುತ್ತದೆ, ಅದು ನಿಮಗೇ ಗೊತ್ತು.

ಮೊದಲ ದಿನವೇ ಇಲ್ಲಿಯ ಹುಡುಗಿ ಕೇಳುತ್ತಾಳೆ: "ಏನ್ ಮಾಡಾಕತ್ತಿ?" ಮೈಸೂರಿನವನು ತಿರುಗಿಸುತ್ತಾನೆ: "ಕತ್ತಿನಾ? ಎಲ್ಲಿ ಕತ್ತಿ?" ಅವಳು ಬಿಡುವಳೇ? "ನಮ್ಮಲ್ಲಿ ಕತ್ತಿ ಅಂದ್ರ ನಾಕು ಕಾಲಿಂದು. ನನ್ನ ಮುಂದ ನಿಂತೈತಿ ನೋಡು."

ಈ ಏಟು ಬೀಳುವುದಕ್ಕೆ ವ್ಯಾಕರಣ ಎರಡು ಕಡೆಯಿಂದ ಕೂಡಿ ಬರಬೇಕು. ಮೈಸೂರಿನವರು "ಮಾಡ್ತಾ ಇದೀಯ" ಎಂದು 'ಇರು' ಸೇರಿಸಿ ಹೇಳುವುದನ್ನು ಇಲ್ಲಿಯವರು 'ಹತ್ತು' ಸೇರಿಸಿ ಹೇಳುತ್ತಾರೆ. ಮಾಡಾಕ ಹತ್ತೀ, ಎಂದರೆ ಮಾಡಲಿಕ್ಕೆ ತೊಡಗಿದ್ದೀ. ಬಾಯಿಯ ವೇಗಕ್ಕೆ ಹಕಾರ ಬಿದ್ದುಹೋಗಿ 'ಮಾಡಾಕತ್ತಿ' ಉಳಿಯುತ್ತದೆ. ಇನ್ನೊಂದು ಕಡೆಯಿಂದ, ಇಲ್ಲಿ ನಾಮಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನೆ ಮನಿ, ತಲೆ ತಲಿ, ಕುದುರೆ ಕುದರಿ. ಹಾಗೆಯೇ ಕತ್ತೆಯೂ ಕತ್ತಿ. ಮೈಸೂರಿನವನಿಗೆ ಕೇಳಿಸಿದ್ದು ಆಯುಧ, ಅವಳು ತೋರಿಸಿದ್ದು ಪ್ರಾಣಿ.

ಇನ್ನು ಅಣಕದ ಸರದಿ. ಬಂದವನು ನಾಲ್ಕು ದಿನದಲ್ಲಿ ನಮ್ಮ ಮಾತು ಕಲಿತೆ ಅಂದುಕೊಳ್ಳುತ್ತಾನೆ. ಎಲ್ಲ ಎಕಾರಕ್ಕೂ ಇಕಾರ ಹಚ್ಚಿ, ಸಿಕ್ಕಲ್ಲೆಲ್ಲ ಐತಿ ಸೇರಿಸಿ "ನನಗಿ ರೊಟ್ಟಿ ಕೊಡು, ಅಜ್ಜ ಮನ್ಯಾಗ ಐತಿ" ಅನ್ನುತ್ತಾನೆ. ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಎಲ್ಲಿ ತಪ್ಪಿತು? ನಾಮಪದದಲ್ಲಿ ಇಕಾರವಾಗುವ ಎಕಾರ 'ನನಗೆ', 'ಮೇಲೆ', 'ಮಾಡ್ತಾನೆ'ಯಂಥ ಕಡೆ ಅಕಾರವಾಗುತ್ತದೆ: ನನಗ, ಮ್ಯಾಲ, ಮಾಡ್ತಾನ. ಐತಿ ಕೂಡ ವಸ್ತುವಿಗೆ, ಪ್ರಾಣಿಗೆ, ಅದೂ ಒಂದೇ ಇದ್ದಾಗ. ಅಜ್ಜ ಅದಾನ, ಅವ್ವ ಅದಾಳ, ಎಮ್ಮಿ ಎರಡಿದ್ದರೆ ಅದಾವ. "ಅಜ್ಜ ಏನು ಟ್ರಂಕೇನಲೇ, ಐತಿ ಅನ್ನಾಕ?" ಎಂದು ಕೇಳಿದ ಹುಡುಗಿಗೆ ಈ ನಿಯಮವನ್ನು ಯಾರೂ ಪಾಠ ಮಾಡಿರುವುದಿಲ್ಲ. ಆದರೂ ಸುಳ್ಳು ಉತ್ತರ ಕರ್ನಾಟಕದವನನ್ನು ಅವಳು ಒಂದೇ ವಾಕ್ಯದಲ್ಲಿ ಹಿಡಿಯುತ್ತಾಳೆ. ನಮ್ಮ ಭಾಗದ ಪಾತ್ರ ಮಾಡುವ ಸಿನಿಮಾ ನಟರಲ್ಲಿ ಎಷ್ಟೋ ಜನ ಸಿಕ್ಕಿಬೀಳುವುದೂ ಇಲ್ಲೇ.

ಅವಳು ಮೈಸೂರಿನ ಮಾತು ಆಡಹೋದಾಗ ತೊಡಕು ಇನ್ನೂ ಹೆಚ್ಚು. ಅವಳ ಬಾಯಲ್ಲಿ ಮನಿಗೂ ರೊಟ್ಟಿಗೂ ಕೊನೆ ಒಂದೇ. ಯಾವ ಇಕಾರ ಮೊದಲು ಎಕಾರವಾಗಿತ್ತು, ಯಾವುದು ಹುಟ್ಟಾ ಇಕಾರ ಅನ್ನುವುದು ಕೇಳಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲವನ್ನೂ ತಿದ್ದಿಬಿಡುತ್ತಾಳೆ: "ಅತ್ತೇ, ಇನ್ನೊಂದು ರೊಟ್ಟೆ ಹಾಕಿ, ಆಮೇಲೆ ಬಳ್ಳಾರೆಗೆ ಹೋಗೋಣ." ಆ 'ರೊಟ್ಟೆ' ಮುಂದಿನ ಮದುವೆಯವರೆಗೂ ಅವಳ ಬೆನ್ನು ಬಿಡುವುದಿಲ್ಲ.

ಎರಡೇ ಪಕ್ಷವಿದ್ದರೆ ಆಟ ಸರಳ. ರಾಯಚೂರಿನಿಂದ ದೊಡ್ಡಪ್ಪನ ಮಗ ಬಂದರೆ ಕೆಡುತ್ತದೆ. ಅವನು ಐತಿ ಅನ್ನುವುದಿಲ್ಲ, 'ಅದ' ಅನ್ನುತ್ತಾನೆ. "ಕೊಡದಾಗ ನೀರು ಅದ" ಅಂದರೆ ಮೈಸೂರಿನವನು "ಅದಾ? ಯಾವುದು?" ಎಂದು ಕೊಡ ಇಣುಕುತ್ತಾನೆ. ಇಷ್ಟೊತ್ತು ಮೈಸೂರಿನವನನ್ನು ಕಾಡಿದ ಕೊಪ್ಪಳದವರು ಈಗ ಅವನ ಜೋಡಿ ಸೇರಿ ರಾಯಚೂರಿನವನನ್ನು ಕಾಡುತ್ತಾರೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. 1948ರವರೆಗೆ ಎರಡೂ ನಿಜಾಮರ ಕೈಯಲ್ಲಿದ್ದವು, 'ಜಲ್ದಿ' ಇಬ್ಬರ ಬಾಯಲ್ಲೂ ಇದೆ. ಆದರೆ ಐತಿ ವಿಷಯದಲ್ಲಿ ಕೊಪ್ಪಳ ಗದಗ-ಧಾರವಾಡದ ಕಡೆ ವಾಲುತ್ತದೆ. ಆಡಳಿತದ ಗೆರೆ ಶಬ್ದಗಳನ್ನು ತಂದು ಸುರಿಯಬಲ್ಲದು, 'ಇದೆ' ಅನ್ನುವುದನ್ನು ಹೇಗೆ ಹೇಳಬೇಕು ಅನ್ನುವುದನ್ನು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. 1953ರವರೆಗೆ ಮದರಾಸಿನ ಕಡೆಗಿದ್ದ ಬಳ್ಳಾರಿಯ ಮಾತಿನೊಳಗೆ ತೆಲುಗು ಬಂದು ಕೂತ ಬಗೆ ಬೇರೆಯೇ ಒಂದು ಉಪನ್ಯಾಸವಾದೀತು, ಇವತ್ತು ಬ್ಯಾಡ.

ಚ್ಯಾಷ್ಟಿ ಎಲ್ಲಿ ನಿಲ್ಲಬೇಕು ಎಂದು ತಿಳಿಯುವ ಗುರುತು ಒಂದಿದೆ. ತಿರುಗಿ ಅಣಕಿಸುವವರೆಗೂ ಎದುರಿನವನಿಗೆ ನೋವಾಗಿಲ್ಲ. ಆದರೆ ಅವನು ಇದ್ದಕ್ಕಿದ್ದಂತೆ "ನಾನು ಊಟ ಮಾಡುತ್ತಿದ್ದೇನೆ" ಎಂದು ಪುಸ್ತಕದ ಕನ್ನಡ ಶುರು ಮಾಡಿದರೆ ಏಟು ಆಳಕ್ಕೆ ತಾಗಿದೆ ಎಂದೇ ಅರ್ಥ. ಆಗ ಅಜ್ಜಿ ಒಳಗಿಂದ ಒಂದು ಕೂಗು ಹಾಕುತ್ತಾಳೆ: "ಸಾಕ್ ಮಾಡ್ರಲೇ, ಉಣ್ಣಾಕ ಬರ್ರಿ!"